ಮೆಜೆಸ್ಟಿಕ್ ಕಡೆಯೋ, ಓಕಳಿಪುರಂ ಕಡೆಯೋ?

ಬೆಂಗಳೂರಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣಕ್ಕೆ ಎರಡು ಮುಖಗಳಿವೆ. ಪೂರ್ವಕ್ಕಿರುವುದು ಮುಖ್ಯ ದ್ವಾರ. ಅದರ ಎದುರಿಗೆ ಗುಬ್ಬಿ ತೋಟದಪ್ಪ ರಸ್ತೆ, ರಸ್ತೆಯಾಚೆಗೆ ಕೆಂಪೇಗೌಡ ಬಸ್ ನಿಲ್ದಾಣ. ಪಶ್ಚಿಮಕ್ಕಿರುವುದು ಹಿಂಬದಿ ದ್ವಾರ. ಓಕಳಿಪುರಂ, ಮಾಗಡಿ ರಸ್ತೆಯ ಕಡೆಯವರು ಬಳಸುವುದು ಇದನ್ನೇ. ನೇರಳೆ ಮಾರ್ಗದ ಮೆಟ್ರೊ ನಿಲ್ದಾಣಕ್ಕೂ ಇದೇ ಹತ್ತಿರ. ಇವೆರಡರ ನಡುವೆ ಹತ್ತು ಪ್ಲಾಟ್‌ಫಾರ್ಮ್‌ಗಳೂ ಅಷ್ಟೂ ಹಳಿಗಳೂ ಅಡ್ಡ ಮಲಗಿವೆ. ರೈಲು ಇಳಿದವರು ಒಂದು ಕಡೆಗೆ ಹೊರಬಿದ್ದ ಮೇಲೆ ಇನ್ನೊಂದು ಕಡೆಗೆ ಹೋಗಬೇಕೆಂದರೆ ಮತ್ತೆ ನಿಲ್ದಾಣದೊಳಗೆ ಹೊಕ್ಕು ಬರಬೇಕು, ಇಲ್ಲವೇ ಹಳಿಗಳನ್ನು ದೂರದಿಂದ ಬಳಸಿ ಬರಬೇಕು. ಲಗೇಜು, ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಎರಡೂ ಕಷ್ಟದ ಮಾತೇ. ಹಾಗಾಗಿ ಯಾವ ಕಡೆ ಹೊರಬೀಳಬೇಕೆಂಬುದು ಪ್ಲಾಟ್‌ಫಾರ್ಮ್ ಬಿಡುವುದಕ್ಕೆ ಮುಂಚೆಯೇ ತೀರ್ಮಾನವಾಗಿರಬೇಕು.

ಬಸ್ಸು ಒಂದು ಕಡೆ, ಮೆಟ್ರೊ ಇನ್ನೊಂದು ಕಡೆ ಎಂಬ ಈ ಏರ್ಪಾಡು ಯಾರೋ ಒಬ್ಬರು ಕೂತು ಯೋಜಿಸಿದ್ದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ನಿಲ್ದಾಣ ತಲೆಯೆತ್ತಿದಾಗ ಊರೆಂದರೆ ಪೇಟೆ. ಪೇಟೆ ಇದ್ದದ್ದು ಹಳಿಗಳ ಪೂರ್ವಕ್ಕೆ. ನಿಲ್ದಾಣವೂ ಸಹಜವಾಗಿ ಆ ಕಡೆಗೇ ಮುಖ ಮಾಡಿ ನಿಂತಿತು. ಎದುರಿಗಿದ್ದ ಧರ್ಮಾಂಬುಧಿ ಕೆರೆ ಬತ್ತಿಹೋಗಿ, ಕಾಲಾನಂತರ ಆ ಅಂಗಳದಲ್ಲೇ ಬಸ್ ನಿಲ್ದಾಣ ಎದ್ದಿತು. ಹತ್ತಿರದ ಮೆಜೆಸ್ಟಿಕ್ ಚಿತ್ರಮಂದಿರದ ಹೆಸರು ಇಡೀ ಪ್ರದೇಶಕ್ಕೆ ಅಂಟಿಕೊಂಡಿತು. ರೈಲುಗಳು ಹೆಚ್ಚಿದಂತೆಲ್ಲ ಹಳಿಗಳು ಹಬ್ಬಿದ್ದು ಹಿಂದಕ್ಕೆ, ಅಂದರೆ ಪಶ್ಚಿಮಕ್ಕೆ. ಸ್ವಾತಂತ್ರ್ಯ ಬಂದ ಮೇಲೆ ರಾಜಾಜಿನಗರ, ಆಮೇಲೆ ವಿಜಯನಗರ, ಬಸವೇಶ್ವರನಗರಗಳು ಅದೇ ದಿಕ್ಕಿಗೆ ಬೆಳೆದವು. ಹಳಿಗಳ ಹಿಂದೆ ಇಷ್ಟು ದೊಡ್ಡ ಊರು ಬೆಳೆದಾದ ಮೇಲೆ ಹಿತ್ತಿಲ ಬಾಗಿಲನ್ನೂ ತೆರೆಯಲೇಬೇಕಾಯಿತು. ಮುಖ್ಯ ದ್ವಾರ ಒಂದನೇ ಪ್ಲಾಟ್‌ಫಾರ್ಮ್‌ಗೆ ಅಂಟಿಕೊಂಡಿರುವುದಕ್ಕೂ ಹಿಂಬದಿ ದ್ವಾರ ಹತ್ತನೆಯದರ ಪಕ್ಕ ಇರುವುದಕ್ಕೂ ಕಾರಣ ಇದೇ. ಎಣಿಕೆ ಶುರುವಾಗಿದ್ದು ಹಳೆಯ ಊರಿನ ಕಡೆಯಿಂದ.

ಈ ಎಣಿಕೆಯೇ ಪ್ರಯಾಣಿಕರಿಗೆ ದಿಕ್ಸೂಚಿ. ಪ್ಲಾಟ್‌ಫಾರ್ಮ್‌ಗಳನ್ನು ದಾಟಲು ಮೇಲ್ಸೇತುವೆಗಳಿವೆ, ನೆಲದಡಿಯ ಸಬ್‌ವೇ ಇದೆ. ಮೆಟ್ಟಿಲಿಳಿದು ಸಬ್‌ವೇಗೆ ಕಾಲಿಟ್ಟ ಕೂಡಲೇ ದಿಕ್ಕು ತಪ್ಪುವುದು ಸಹಜ. ಅಲ್ಲಿ ಸೂರ್ಯನಿಲ್ಲ, ರೈಲು ಕಾಣುವುದಿಲ್ಲ, ಎರಡೂ ಕಡೆ ಒಂದೇ ಬಗೆಯ ಗೋಡೆ, ಎರಡೂ ಕಡೆಗೆ ಹರಿಯುವ ಜನ. ಮೆಟ್ಟಿಲು ಇಳಿಯುವಾಗ ಮೈ ತಿರುಗಿರುವುದರಿಂದ ಮೇಲೆ ಎಡಕ್ಕಿದ್ದದ್ದು ಕೆಳಗೆ ಬಲಕ್ಕೆ ಬಂದಿರುತ್ತದೆ. ಅಲ್ಲಿ ನಂಬಬೇಕಾದ್ದು ಪಕ್ಕದ ಮೆಟ್ಟಿಲುಗಳ ಮೇಲೆ ಬರೆದಿರುವ ಅಂಕಿಗಳನ್ನು. ನಡೆಯುತ್ತಿದ್ದಂತೆ ಅಂಕಿ ಇಳಿಯುತ್ತಾ ಹೋದರೆ ಅದು ಮೆಜೆಸ್ಟಿಕ್ ಕಡೆ, ಏರುತ್ತಾ ಹೋದರೆ ಓಕಳಿಪುರಂ ಕಡೆ. ಐದನೇ ಪ್ಲಾಟ್‌ಫಾರ್ಮ್‌ನಲ್ಲಿ ಇಳಿದವರಿಗೆ ಮುಂದಿನ ಫಲಕದಲ್ಲಿ ಏಳು ಕಂಡಿತೆಂದರೆ ಅವರು ಹಿಂಬದಿಗೆ ಹೊರಟಿದ್ದಾರೆ ಎಂದೇ ಅರ್ಥ. ಜನ ಹೋದತ್ತ ಹೋಗುವುದು ಮಾತ್ರ ಇಲ್ಲಿ ಕೆಟ್ಟ ಉಪಾಯ. ಹೆಚ್ಚಿನ ಜನ ಹೋಗುವುದು ಬಸ್ ನಿಲ್ದಾಣಕ್ಕೆ. ಅವರ ಹಿಂದೆ ಬಿದ್ದ ವಿಜಯನಗರದವರು ತಮ್ಮ ಮನೆಗೆ ಬೆನ್ನು ಹಾಕಿ ನಡೆಯುತ್ತಿರುತ್ತಾರೆ.

ಸಬ್‌ವೇಗೆ ಇಳಿಯುವ ಮುನ್ನವೇ, ರೈಲಿನಲ್ಲಿ ಕೂತಿರುವಾಗಲೇ ದಿಕ್ಕು ತಿಳಿಯಲು ಇನ್ನೊಂದು ದಾರಿಯಿದೆ. ಇಲ್ಲಿ ಹಳಿಗಳು ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ ಹಾಯ್ದಿವೆ. ಚೆನ್ನೈ ಕಡೆಯಿಂದ ಕಂಟೋನ್ಮೆಂಟ್ ದಾಟಿ ಬರುವ ರೈಲುಗಳೂ, ಹುಬ್ಬಳ್ಳಿ, ತುಮಕೂರಿನಿಂದ ಯಶವಂತಪುರ, ಮಲ್ಲೇಶ್ವರ ದಾಟಿ ಬರುವ ರೈಲುಗಳೂ ನಿಲ್ದಾಣವನ್ನು ಉತ್ತರದಿಂದ ಪ್ರವೇಶಿಸುತ್ತವೆ. ಆ ರೈಲುಗಳಲ್ಲಿ ಎಂಜಿನ್‌ನತ್ತ ಮುಖ ಮಾಡಿ ನಿಂತರೆ ಮೆಜೆಸ್ಟಿಕ್ ಎಡಗೈಗೆ ಬರುತ್ತದೆ. ಮೈಸೂರು, ಮಂಡ್ಯದ ಕಡೆಯಿಂದ ಬರುವ ರೈಲುಗಳು ದಕ್ಷಿಣದಿಂದ ಹೊಕ್ಕುತ್ತವೆ. ಅವುಗಳಲ್ಲಿ ಅದೇ ಮೆಜೆಸ್ಟಿಕ್ ಬಲಗೈಗೆ. ರೈಲು ಹೊರಟ ದಿಕ್ಕನ್ನೇ ಲೆಕ್ಕಕ್ಕೆ ಹಿಡಿಯಬೇಕು. ಕೂತ ಆಸನ ಹಿಮ್ಮುಖವಾಗಿದ್ದರೆ ಎಡ-ಬಲ ಅದಲುಬದಲಾಗುತ್ತದೆ ಎಂಬುದನ್ನು ಮರೆಯಬಾರದು. ಬೆಳಗಿನ ಹೊತ್ತು ಇಳಿದವರಿಗೆ ಇಷ್ಟೂ ಬೇಕಿಲ್ಲ. ಬಿಸಿಲು ಬೀಳುತ್ತಿರುವ ಕಡೆ ಬಸ್ ನಿಲ್ದಾಣ, ಅಷ್ಟೇ.

ಇನ್ನು ಯಾವ ದ್ವಾರ ಯಾರಿಗೆ ಎಂಬ ಪ್ರಶ್ನೆ. ಇಳಿದ ಪ್ಲಾಟ್‌ಫಾರ್ಮ್‌ಗೆ ಯಾವುದು ಹತ್ತಿರವೋ ಅದರಿಂದ ಹೊರಬೀಳುವುದು ಬಹುಪಾಲು ಜನರ ರೂಢಿ. ಇದರಲ್ಲೇ ಎಡವಟ್ಟಾಗುವುದು. ನಿಲ್ದಾಣದ ಒಂದು ತುದಿಯಿಂದ ಇನ್ನೊಂದು ತುದಿಗೆ ಸಬ್‌ವೇಯೊಳಗೆ ನಡೆಯಲು ಕೆಲವೇ ನಿಮಿಷ ಸಾಕು. ತಪ್ಪು ಕಡೆ ಹೊರಬಿದ್ದು ರಸ್ತೆಯ ಮೂಲಕ ಸುತ್ತಿ ಬರಲು ಹಿಡಿಯುವ ಹೊತ್ತು ವಾಹನ ದಟ್ಟಣೆಯ ಕೃಪೆಗೆ ಬಿಟ್ಟದ್ದು. ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ್ದು ಮುಂದಿನ ಪ್ರಯಾಣ ಯಾವುದರಲ್ಲಿ ಎಂಬುದನ್ನು. ಊರಿನ ಯಾವ ದಿಕ್ಕಿಗೆ ಎಂಬುದು ಆಮೇಲಿನ ಪ್ರಶ್ನೆ. ಪ್ಲಾಟ್‌ಫಾರ್ಮ್ ಸಂಖ್ಯೆಯನ್ನು ಕೊನೆಯಲ್ಲಿ ನೋಡಿದರೆ ಸಾಕು.

ಬಸ್ಸಾದರೆ ಯೋಚಿಸುವುದೇ ಬೇಡ, ಮುಖ್ಯ ದ್ವಾರವೇ ಸರಿ. ರೈಲು ನಿಲ್ದಾಣದ ಮುಂದಿನಿಂದ ರಸ್ತೆಯಡಿಯ ಸಬ್‌ವೇ ನೇರವಾಗಿ ಬಿಎಂಟಿಸಿ ನಿಲ್ದಾಣಕ್ಕೆ ಕರೆದೊಯ್ಯುತ್ತದೆ. ವಾಹನಗಳ ನಡುವೆ ರಸ್ತೆ ದಾಟುವ ಪಾಡಿಲ್ಲ. ಒಳಗೆ ಹೋದ ಮೇಲೆ ಒಂದು ಗೊಂದಲಕ್ಕೆ ಸಿದ್ಧವಾಗಿರಬೇಕು. ಅಲ್ಲಿಯೂ ಪ್ಲಾಟ್‌ಫಾರ್ಮ್‌ಗಳಿವೆ, ಅವಕ್ಕೂ ಅಂಕಿಗಳಿವೆ. ಯಾರಾದರೂ ಫೋನಿನಲ್ಲಿ ‘ಹತ್ತನೇ ಪ್ಲಾಟ್‌ಫಾರ್ಮ್ ಹತ್ರ ಬನ್ನಿ’ ಎಂದರೆ ರೈಲಿನದೋ ಬಸ್ಸಿನದೋ ಎಂದು ಆ ಕ್ಷಣವೇ ಕೇಳಿಬಿಡಬೇಕು. ಒಂದು ಊರಿನ ಈ ಅಂಚಿನಲ್ಲಿ, ಇನ್ನೊಂದು ಆ ಅಂಚಿನಲ್ಲಿ ಇದ್ದಂತೆಯೇ ಸರಿ. ವಿಮಾನ ನಿಲ್ದಾಣಕ್ಕೆ ಹೋಗುವ ವಾಯುವಜ್ರ ಬಸ್ಸು ಹೊರಡುವುದೂ ಈ ಬಿಎಂಟಿಸಿ ನಿಲ್ದಾಣದಿಂದಲೇ. ಬೇರೆ ಊರಿಗೆ ಹೋಗುವವರು ಪಕ್ಕದ ಕೆಎಸ್‌ಆರ್‌ಟಿಸಿ ಟರ್ಮಿನಲ್‌ಗಳಿಗೆ ನಡೆಯಬೇಕು. ಇಲ್ಲಿ ಒಂದು ಅಪವಾದವಿದೆ. ಮೈಸೂರು ಕಡೆಯ ಬಸ್ಸುಗಳು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ಹೊರಡುತ್ತವೆ. ಅಲ್ಲಿಗೆ ಹೋಗಬೇಕಾದವರಿಗೆ ಅದೇ ರಸ್ತೆಯಗುಂಟ ಸಾಗುವ ನೇರಳೆ ಮೆಟ್ರೊ ಅನುಕೂಲ. ಅಂದರೆ ಬಸ್ಸು ಹಿಡಿಯಬೇಕಾದ ಇವರು ಹೊರಬೀಳಬೇಕಾದ್ದು ಹಿಂಬದಿಯಿಂದ.

ಮೆಟ್ರೊ ವಿಚಾರ ಇನ್ನಷ್ಟು ಸೂಕ್ಷ್ಮ. ಇಲ್ಲಿರುವುದು ಒಂದು ಮೆಟ್ರೊ ನಿಲ್ದಾಣವಲ್ಲ, ಎರಡು. ರೈಲು ನಿಲ್ದಾಣದ ಹಿಂಬದಿಗೆ ಪಾದಚಾರಿ ಮೇಲ್ಸೇತುವೆಯಿಂದ ಕೂಡಿಕೊಂಡಿರುವ ಮೆಟ್ರೊ ನಿಲ್ದಾಣಕ್ಕೂ ಸಂಗೊಳ್ಳಿ ರಾಯಣ್ಣನ ಹೆಸರೇ ಇದೆ. ಅಲ್ಲಿ ಸಿಗುವುದು ನೇರಳೆ ಮಾರ್ಗ ಮಾತ್ರ. ಪಶ್ಚಿಮಕ್ಕೆ ಮಾಗಡಿ ರಸ್ತೆ, ವಿಜಯನಗರ, ಕೆಂಗೇರಿ ದಾಟಿ ಚಲ್ಲಘಟ್ಟದವರೆಗೆ, ಪೂರ್ವಕ್ಕೆ ಮಹಾತ್ಮ ಗಾಂಧಿ ರಸ್ತೆ, ಇಂದಿರಾನಗರ ದಾಟಿ ವೈಟ್‌ಫೀಲ್ಡ್‌ವರೆಗೆ. ಅದರ ಮುಂದಿನ ನಿಲ್ದಾಣವೇ ಮೆಜೆಸ್ಟಿಕ್. ಅದು ಇರುವುದು ಬಸ್ ನಿಲ್ದಾಣದ ಬಳಿ, ರೈಲು ನಿಲ್ದಾಣದ ಮುಂಬದಿಗೆ. ನೇರಳೆ ಮತ್ತು ಹಸಿರು ಮಾರ್ಗಗಳು ಕೂಡುವುದು ಅಲ್ಲಿ. ಮಲ್ಲೇಶ್ವರ, ಯಶವಂತಪುರ, ಪೀಣ್ಯದ ಕಡೆಗೆ, ಅಥವಾ ಚಿಕ್ಕಪೇಟೆ, ಜಯನಗರ, ಬನಶಂಕರಿಯ ಕಡೆಗೆ ಹಸಿರು ಮಾರ್ಗದಲ್ಲಿ ಹೋಗುವವರು ಹಿಂಬದಿಯಿಂದ ಹೊರಟರೆ ಒಂದೇ ಒಂದು ನಿಲ್ದಾಣಕ್ಕೆಂದು ನೇರಳೆ ರೈಲು ಹತ್ತಿ, ಮತ್ತೆ ಮೆಜೆಸ್ಟಿಕ್‌ನಲ್ಲಿ ಇಳಿದು, ಮೆಟ್ಟಿಲು ಹತ್ತಿಳಿದು ಬದಲಾಯಿಸಬೇಕು. ಅದರ ಬದಲು ಮುಂಬದಿಯಿಂದ ಬಸ್ ನಿಲ್ದಾಣದ ಮೂಲಕ ಮೆಜೆಸ್ಟಿಕ್ ಮೆಟ್ರೊಗೆ ನಡೆದುಬಿಡುವುದು ವಾಸಿ. ಆರ್.ವಿ. ರಸ್ತೆಯಲ್ಲಿ ಬದಲಾಯಿಸಿ ಹಳದಿ ಮಾರ್ಗದಲ್ಲಿ ಬೊಮ್ಮಸಂದ್ರಕ್ಕೆ ಹೋಗುವವರಿಗೂ ಇದೇ ಲೆಕ್ಕ. ಲಗೇಜು ಬಹಳವಿದ್ದು ನಡೆಯಲಾಗದವರು ಮಾತ್ರ ಹಿಂಬದಿಯ ಮೆಟ್ರೊ ಹಿಡಿಯುವುದರಲ್ಲಿ ಅರ್ಥವಿದೆ. ಮೆಟ್ರೊ ಹಿಡಿಯುವವರೆಲ್ಲ ಹಿಂದಕ್ಕೇ ಹೋಗಬೇಕೆಂಬ ಸಾಮಾನ್ಯ ನಂಬಿಕೆ ಹಾಗಾಗಿ ಅರ್ಧ ಮಾತ್ರ ಸರಿ.

ಮೆಟ್ರೊಗೆ ಗಡಿಯಾರದ ಕಟ್ಟುಪಾಡೂ ಇದೆ. ಸಾಮಾನ್ಯ ದಿನಗಳಲ್ಲಿ ಬೆಳಗಿನ ಐದರ ಸುಮಾರಿಗೆ ಶುರುವಾಗುವ ಸಂಚಾರ ಭಾನುವಾರ ಏಳಕ್ಕೆ ಶುರುವಾಗುತ್ತದೆ. ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ಇಳಿದವರು ಮೇಲ್ಸೇತುವೆ ಹತ್ತಿ ಮೆಟ್ರೊ ಬಾಗಿಲಿಗೆ ಹೋದರೆ ಕಾಣುವುದು ಎಳೆದ ಶಟರ್. ಆ ಹೊತ್ತಿನಲ್ಲಿ ಜನಸಂಚಾರ, ಬೆಳಕು, ಪೊಲೀಸರ ಓಡಾಟ, ಬಿಸಿ ಚಹಾ ಇವೆಲ್ಲ ಹೆಚ್ಚಾಗಿ ಸಿಗುವುದು ಮುಂಬದಿಯಲ್ಲಿ.

ಆಟೋ ವಿಚಾರಕ್ಕೆ ಬಂದರೆ ಎರಡೂ ಕಡೆ ಆಟೋಗಳಿವೆ, ಆದರೆ ಅವು ಸಿಗುವ ಬಗೆ ಬೇರೆ. ಮುಂಬದಿಯಲ್ಲಿ ಸಂಚಾರ ಪೊಲೀಸರ ಉಸ್ತುವಾರಿಯ ಪ್ರೀಪೇಯ್ಡ್ ಆಟೋ ಕೌಂಟರ್ ಇದೆ. ಅಲ್ಲಿ ಸಾಲಿನಲ್ಲಿ ನಿಂತು ಹೋಗುವ ಜಾಗ ಹೇಳಿದರೆ ಬಾಡಿಗೆ ನಮೂದಾದ ಚೀಟಿ ಕೈಗೆ ಬರುತ್ತದೆ, ಸರದಿಯಲ್ಲಿರುವ ಆಟೋ ಹತ್ತಬಹುದು. ಚೌಕಾಸಿ ಇಲ್ಲ, ಮೀಟರಿನ ಜಗಳವಿಲ್ಲ. ಚೀಟಿಯನ್ನು ಮನೆ ಮುಟ್ಟುವವರೆಗೆ ಚಾಲಕರ ಕೈಗೆ ಕೊಡದೆ ತಮ್ಮ ಬಳಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ದಾರಿಯಲ್ಲಿ ‘ಇಷ್ಟು ದೂರ ಅಂತ ಗೊತ್ತಿರಲಿಲ್ಲ ಸಾರ್’ ಎಂಬ ಮಾತು ಶುರುವಾದರೆ ಅದೇ ಉತ್ತರ. ಸಾಲು ಉದ್ದವಿದ್ದಾಗ ಕೌಂಟರಿಗೆ ಇನ್ನೂ ಹತ್ತು ಹೆಜ್ಜೆ ಇರುವಾಗಲೇ ‘ಎಲ್ಲಿಗೆ ಸಾರ್, ಎಲ್ಲಿಗೆ ಮೇಡಂ’ ಎನ್ನುತ್ತ ಸುತ್ತುವರಿಯುವವರು ಇದ್ದೇ ಇರುತ್ತಾರೆ. ಅವರು ಆ ಸಾಲಿಗೆ ಸೇರಿದವರಲ್ಲ. ಹಿಂಬದಿಯಲ್ಲಿ ಆಟೋದವರೊಂದಿಗೆ ನೇರವಾಗಿ ಮಾತಾಡಬೇಕು, ಇಲ್ಲವೇ ಆ್ಯಪ್‌ನಲ್ಲಿ ಕರೆಸಬೇಕು.

ದಿಕ್ಕಿನ ಪ್ರಶ್ನೆ ಮುಖ್ಯವಾಗುವುದು ಆಟೋ, ಕಾರು ಹಿಡಿಯುವವರಿಗೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಮಾಗಡಿ ರಸ್ತೆಯವರ ಮನೆ ಹಳಿಗಳ ಪಶ್ಚಿಮಕ್ಕಿದೆ. ಅವರು ಮುಂಬದಿಯಲ್ಲಿ ಆಟೋ ಹತ್ತಿದರೆ ಅದು ಹಳಿಗಳನ್ನು ಎಲ್ಲಾದರೂ ದಾಟಲೇಬೇಕು. ಉತ್ತರದಲ್ಲಿ ಅದಕ್ಕಿರುವ ದಾರಿ ಖೋಡೆ ಸರ್ಕಲ್ ಮತ್ತು ಓಕಳಿಪುರಂ ಕೆಳಸೇತುವೆ. ಊರಿನ ಅರ್ಧ ವಾಹನಗಳು ಅಲ್ಲೇ ಸೇರುತ್ತವೇನೋ ಎನಿಸುವ ಜಾಗ ಅದು. ಹಿಂಬದಿಯಿಂದ ಹೊರಟವರು ಹಳಿಗಳನ್ನು ಕಾಲ್ನಡಿಗೆಯಲ್ಲಿ, ನೆಲದಡಿಯಲ್ಲಿ ಆಗಲೇ ದಾಟಿಬಿಟ್ಟಿರುತ್ತಾರೆ. ಗಾಂಧಿನಗರ, ಶಿವಾಜಿನಗರ, ಚಾಮರಾಜಪೇಟೆ, ಬಸವನಗುಡಿ, ಜಯನಗರದವರಿಗೆ ಇದರ ತದ್ವಿರುದ್ಧ, ಮುಂಬದಿಯೇ ಸಲೀಸು.

ಒಂದು ಪ್ರಸಂಗವನ್ನು ಬಿಡಿಸಿ ನೋಡಿದರೆ ಲೆಕ್ಕ ಸ್ಪಷ್ಟವಾಗುತ್ತದೆ. ಹುಬ್ಬಳ್ಳಿಯಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದ ಗಂಡ, ಹೆಂಡತಿ ಮತ್ತು ವಯಸ್ಸಾದ ಅತ್ತೆ ಬೆಳಿಗ್ಗೆ ಬೆಂಗಳೂರಿಗೆ ಬರುತ್ತಾರೆ ಎಂದಿಟ್ಟುಕೊಂಡರೆ, ಹೋಗಬೇಕಾದ್ದು ವಿಜಯನಗರಕ್ಕೆ. ಕೈಯಲ್ಲಿ ಎರಡು ಚಕ್ರದ ಸೂಟ್‌ಕೇಸು, ಒಂದು ರೊಟ್ಟಿಯ ಗಂಟು. ಎಂಜಿನ್ ಹಿಂದಿನ ಮೂರನೇ ಬೋಗಿಯಲ್ಲಿ ಅವರ ಸೀಟು. ರೈಲು ಮೂರನೇ ಪ್ಲಾಟ್‌ಫಾರ್ಮ್‌ಗೆ ಬರುತ್ತದೆ.

ಮೊದಲ ನೋಟಕ್ಕೆ ಮೂರರಿಂದ ಮುಖ್ಯ ದ್ವಾರ ಪಕ್ಕದಲ್ಲೇ ಇದೆ, ಹಿಂಬದಿ ದೂರ. ಆದರೆ ಮುಂದಿನ ಪ್ರಯಾಣ ನೇರಳೆ ಮಾರ್ಗದಲ್ಲಿ. ಹಿಂಬದಿಯ ಮೆಟ್ರೊ ನಿಲ್ದಾಣದಿಂದ ಮಾಗಡಿ ರಸ್ತೆ, ಹೊಸಹಳ್ಳಿ ದಾಟಿದರೆ ಮೂರನೆಯದೇ ವಿಜಯನಗರ. ಅತ್ತೆಗೆ ಮೆಟ್ಟಿಲು ಹತ್ತಿಳಿಯಲು ಆಗುವುದಾದರೆ ಮೂರರಿಂದ ಹತ್ತರವರೆಗೆ ಒಳಗೇ ನಡೆದು ಹಿಂಬದಿಗೆ ಹೋಗುವುದು ಸರಿಯಾದ ಆಯ್ಕೆ. ಮೆಟ್ರೊದಲ್ಲಿ ಲಗೇಜು ಸ್ಕ್ಯಾನರ್ ಮೂಲಕ ಹೋಗಬೇಕು, ನಿಗದಿತ ಗಾತ್ರ ಮೀರಿದ ಪೆಟ್ಟಿಗೆಗೆ ಬೇರೆ ದುಡ್ಡು ಕೊಡಬೇಕಾಗುತ್ತದೆ ಎಂಬುದು ಮನಸ್ಸಿನಲ್ಲಿರಬೇಕು.

ಅತ್ತೆಗೆ ಮಂಡಿನೋವಿದ್ದು ಆಟೋ ಅನಿವಾರ್ಯವಾದರೆ ಲೆಕ್ಕ ಬದಲಾಗುತ್ತದೆ. 2025ರ ಆಗಸ್ಟ್‌ನಿಂದ ಜಾರಿಗೆ ಬಂದ ಬೆಂಗಳೂರಿನ ಆಟೋ ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲಿನ ಪ್ರತಿ ಕಿ.ಮೀ.ಗೆ 18 ರೂಪಾಯಿ. ಹಿಂಬದಿಯಿಂದ ಮನೆಗೆ 5 ಕಿ.ಮೀ. ಎಂದು ಹಿಡಿದರೆ ಮೀಟರು 90 ತೋರಿಸುತ್ತದೆ. ಮುಂಬದಿಯಿಂದ ಸುತ್ತಿ ಬಂದು ಅದೇ 6 ಕಿ.ಮೀ. ಆದರೆ 108. ವ್ಯತ್ಯಾಸ 18 ರೂಪಾಯಿ, ಒಂದು ಕಾಫಿಯ ಬೆಲೆ. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಂದೂವರೆ ಪಟ್ಟು ಎಂದು ಹಿಡಿದರೂ ಈ ವ್ಯತ್ಯಾಸ 27 ರೂಪಾಯಿಗೆ ಏರುತ್ತದೆಯೇ ಹೊರತು ಅದಕ್ಕಿಂತ ಹೆಚ್ಚಿಲ್ಲ. ಸರಿಯಾದ ಕಡೆ ಹೊರಬಿದ್ದರೆ ಉಳಿಯುವುದು ಮುಖ್ಯವಾಗಿ ಸಮಯ, ಹಣ ಬಹಳವೇನಲ್ಲ. ಬೆಳಗಿನ ಆರೂವರೆಗೆ ಓಕಳಿಪುರಂ ಖಾಲಿ ಇರುವಾಗ ಆ ಸಮಯವೂ ಅಷ್ಟಾಗಿ ಉಳಿಯುವುದಿಲ್ಲ. ಹಾಗಾಗಿ ಮೂರನೇ ಪ್ಲಾಟ್‌ಫಾರ್ಮ್‌ನಲ್ಲಿ ಇಳಿದ ಈ ಕುಟುಂಬ ಮುಂಬದಿಗೇ ಹೋಗಿ, ಪ್ರೀಪೇಯ್ಡ್ ಚೀಟಿ ತೆಗೆದುಕೊಂಡು, ಅತ್ತೆಯನ್ನು ಹೆಚ್ಚು ನಡೆಸದೆ ಆಟೋ ಹತ್ತುವುದೇ ಜಾಣತನ. ಅದೇ ರೈಲು ತಡವಾಗಿ ಒಂಬತ್ತೂವರೆಗೆ ಬಂದು ಎಂಟನೇ ಪ್ಲಾಟ್‌ಫಾರ್ಮ್ ಹಿಡಿದಿದ್ದರೆ, ಅದೇ ಜನ, ಅದೇ ಮನೆ, ಆದರೂ ಹಿಂಬದಿ ದ್ವಾರ ಸರಿ.

ಈ ಪ್ರಸಂಗದಲ್ಲಿ ಮೂರನೇ ಬೋಗಿಯ ಮಾತು ಸುಮ್ಮನೆ ಬಂದದ್ದಲ್ಲ. ಎಡ-ಬಲದ ತಪ್ಪಿನ ಜೊತೆಗೆ ಹಿಂದು-ಮುಂದಿನ ತಪ್ಪೂ ಒಂದಿದೆ. ಈಗಿನ ಎಲ್‌ಎಚ್‌ಬಿ ಬೋಗಿಯೊಂದರ ಉದ್ದ ಸುಮಾರು 24 ಮೀಟರ್. ಇಪ್ಪತ್ತೆರಡು ಬೋಗಿಯ ರೈಲೆಂದರೆ ಅರ್ಧ ಕಿಲೋಮೀಟರಿಗೂ ಹೆಚ್ಚು. ಸಬ್‌ವೇ, ಮೇಲ್ಸೇತುವೆಗಳು ಈ ಉದ್ದದಲ್ಲಿ ಅಲ್ಲೊಂದು ಇಲ್ಲೊಂದು ಇವೆ. ಎಂಜಿನ್ ಪಕ್ಕದಲ್ಲಿ ಇಳಿದವರು ಹಿಂದಿನ ಮೇಲ್ಸೇತುವೆಯತ್ತ ಹೆಜ್ಜೆ ಹಾಕಿದರೆ ಇಡೀ ರೈಲಿನಷ್ಟು ಉದ್ದ ನಡೆದಂತಾಯಿತು. ಹುಬ್ಬಳ್ಳಿಯಲ್ಲಿ 2023ರಲ್ಲಿ ಉದ್ಘಾಟನೆಯಾದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ. ಅಂಥ ಕಡೆ ತಪ್ಪು ತುದಿಗೆ ನಡೆಯುವುದರ ಅರ್ಥವೇನೆಂದು ವಿವರಿಸಬೇಕಿಲ್ಲ. ಇಳಿದ ತಕ್ಷಣ ಹೊರಡದೆ, ಲಗೇಜನ್ನು ಕಂಬದ ಪಕ್ಕ ಇಟ್ಟು, ಎರಡೂ ಕಡೆಯ ಫಲಕಗಳನ್ನು ಅರ್ಧ ನಿಮಿಷ ನೋಡುವುದು ಲಾಭದ ವ್ಯಾಪಾರ. ಆ ಅರ್ಧ ನಿಮಿಷದಲ್ಲಿ ಮೊದಲ ನೂಕುನುಗ್ಗಲೂ ಮೆಟ್ಟಿಲಿಳಿದಿರುತ್ತದೆ. ಲಿಫ್ಟ್ ಅಥವಾ ಎಸ್ಕಲೇಟರ್ ಬೇಕಾದವರು ಅದು ಯಾವ ತುದಿಯಲ್ಲಿದೆ, ಓಡುತ್ತಿದೆಯೇ ಎಂದು ಪಕ್ಕದ ಅಂಗಡಿಯವರನ್ನೋ ಕೆಂಪು ಅಂಗಿಯ ಕೂಲಿಯವರನ್ನೋ ಕೇಳುವುದು ಒಳ್ಳೆಯದು. ಕೂಲಿಯವರಿಂದ ಲಗೇಜು ಹೊರಿಸುವುದಾದರೆ ‘ಹೊರಗೆ ಬಿಡಿ’ ಎಂದರೆ ಸಾಲದು. ಮೆಜೆಸ್ಟಿಕ್ ಕಡೆಗೋ ಹಿಂದಕ್ಕೋ ಎಂಬುದನ್ನು ಹೇಳಿ, ಕೂಲಿಯನ್ನು ಮಾತಾಡಿ, ಆಮೇಲೆ ಪೆಟ್ಟಿಗೆ ತಲೆಗೇರಬೇಕು.

ಆ್ಯಪ್‌ನಲ್ಲಿ ಕ್ಯಾಬ್, ಆಟೋ ಕರೆಸುವವರಿಗೆ ಇನ್ನೊಂದು ತೊಡಕಿದೆ. ನಕ್ಷೆಯಲ್ಲಿ ರೈಲು ನಿಲ್ದಾಣ ಒಂದು ಚುಕ್ಕೆ. ಆ ಚುಕ್ಕೆ ಯಾವ ಕಡೆ ಬಿದ್ದಿದೆ ಎಂಬುದರ ಮೇಲೆ ವಾಹನ ಬಂದು ನಿಲ್ಲುತ್ತದೆ. ಪ್ಲಾಟ್‌ಫಾರ್ಮ್ ಚಾವಣಿಯ ಕೆಳಗೆ, ಅದರಲ್ಲೂ ಸಬ್‌ವೇಯೊಳಗೆ ಫೋನಿಗೆ ಉಪಗ್ರಹದ ಸಂಕೇತ ಸರಿಯಾಗಿ ಸಿಗುವುದಿಲ್ಲ. ಅಲ್ಲಿ ನಿಂತು ಬುಕ್ ಮಾಡಿದರೆ ಫೋನು ತಾನಿರುವ ಜಾಗವನ್ನು ಅಂದಾಜಿನ ಮೇಲೆ ಹಿಡಿದು ಹಳಿಗಳ ಆಚೆಗಿನ ರಸ್ತೆಗೆ ಗುರುತು ಹಾಕಿಬಿಡಬಹುದು. ಚಾಲಕರ ಫೋನು ಬರುತ್ತದೆ: ‘ಎಲ್ಲಿದ್ದೀರಾ ಸಾರ್? ಮುಂದುಗಡೆನಾ, ಹಿಂದುಗಡೆನಾ?’ ಈ ಪ್ರಶ್ನೆ ಕೇಳಿಸಿದ ಮೇಲೆ ಬಹುಪಾಲು ಬುಕಿಂಗ್ ರದ್ದಾಗುವುದರಲ್ಲೇ ಮುಗಿಯುತ್ತದೆ, ಏಕೆಂದರೆ ಚಾಲಕರಿಗೂ ಆ ಸುತ್ತು ಬೇಡ. ಹೊರಗೆ ಬಂದು, ಬಯಲಿನಲ್ಲಿ ನಿಂತು, ನಕ್ಷೆಯ ಗುರುತನ್ನು ಕೈಯಾರೆ ಸರಿಸಿ ಆಮೇಲೆ ಬುಕ್ ಮಾಡಿದರೆ ಐದು ನಿಮಿಷ ಹೆಚ್ಚು ಕಾಯಬೇಕಾದೀತು, ಪೇಚಾಟವಂತೂ ತಪ್ಪುತ್ತದೆ. ಕರೆದೊಯ್ಯಲು ಬರುವ ನೆಂಟರಿಗೂ ಇದೇ ಮಾತು. ‘ಸ್ಟೇಷನ್ ಹತ್ರ ಇದೀನಿ’ ಎಂಬುದು ವಿಳಾಸವಲ್ಲ. ಮೆಜೆಸ್ಟಿಕ್ ಕಡೆಯ ಪ್ರೀಪೇಯ್ಡ್ ಕೌಂಟರ್ ಮುಂದೆ ಅಥವಾ ಹಿಂಬದಿಯ ಮೆಟ್ರೊ ಮೇಲ್ಸೇತುವೆಯ ಬುಡದಲ್ಲಿ ಎಂದರೆ ವಿಳಾಸ.

ಇಷ್ಟಾದರೂ ತಪ್ಪು ಕಡೆ ಹೊರಬಿದ್ದರೆ ಮೂರು ದಾರಿಗಳಿವೆ. ಹತ್ತು ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಮತ್ತೆ ಒಳಹೊಕ್ಕು ಸಬ್‌ವೇಯಲ್ಲಿ ಆಚೆಗೆ ಹೋಗುವುದು ಮೊದಲನೆಯದು. ಹೊರಬಂದ ಮೇಲೆ ಪ್ರಯಾಣದ ಟಿಕೆಟ್ ತೋರಿಸಿ ಮರಳಿ ಒಳಗೆ ಹೋಗಬಹುದೆಂಬುದು ತಪ್ಪು ಕಲ್ಪನೆ. ಟಿಕೆಟ್ ತಪಾಸಣೆಯವರು ಕೇಳಿದರೆ ದಂಡ ಕಟ್ಟಬೇಕಾದೀತು. ಎರಡನೆಯದು ಬಹಳ ಜನರ ಗಮನಕ್ಕೆ ಬರದ ಉಪಾಯ: ಮೆಟ್ರೊ. ಮೆಜೆಸ್ಟಿಕ್ ಮತ್ತು ರೈಲು ನಿಲ್ದಾಣದ ಮೆಟ್ರೊ ನಿಲ್ದಾಣಗಳು ಅಕ್ಕಪಕ್ಕದವು, ಹಳಿಗಳ ಆಚೆ-ಈಚೆ ಇರುವವು. ಕನಿಷ್ಠ ದರ ಕೊಟ್ಟು ಒಂದು ನಿಲ್ದಾಣ ಹೋದರೆ ಹಳಿಗಳ ಅಡಿಯಿಂದಲೇ ಆಚೆ ಬದಿಗೆ ಮುಟ್ಟಬಹುದು. ಮೆಜೆಸ್ಟಿಕ್‌ವರೆಗೆ ಹೇಗೂ ನಡೆದುಬಿಟ್ಟವರಿಗೆ ಹಿಂದಿರುಗುವುದಕ್ಕಿಂತ ಇದು ಹಗುರ. ಮೂರನೆಯದು ಆಟೋದಲ್ಲಿ ಸುತ್ತಿ ಬರುವುದು. ನಿಲ್ದಾಣದ ಒಂದು ಬದಿಯಿಂದ ಇನ್ನೊಂದು ಬದಿಗೆ ಎಂದರೆ ಮೀಟರ್ ಹಾಕುವ ಆಟೋ ಸಿಗುವುದು ಅಪರೂಪ, ಹಾಗಾಗಿ ಅದನ್ನು ಕೊನೆಗೆ ಉಳಿಸಿಕೊಳ್ಳುವುದೇ ಸರಿ.

ಕೆಲವರಿಗೆ ಸರಿಯಾದ ದ್ವಾರ ಈ ನಿಲ್ದಾಣದಲ್ಲೇ ಇರುವುದಿಲ್ಲ. ಶಿವಾಜಿನಗರ, ವಸಂತನಗರದ ಕಡೆಯವರು ಚೆನ್ನೈ ರೈಲಿನಲ್ಲಿ ಬಂದರೆ ಕಂಟೋನ್ಮೆಂಟ್‌ನಲ್ಲೇ ಇಳಿದುಬಿಡುವುದು ಲೇಸು. ಮೈಸೂರು ಕಡೆಯಿಂದ ಬರುವ ಕೆಂಗೇರಿ, ರಾಜರಾಜೇಶ್ವರಿನಗರದವರಿಗೆ ಕೆಂಗೇರಿಯಲ್ಲಿ ನಿಲ್ಲುವ ರೈಲು ಸಿಕ್ಕರೆ ಅಲ್ಲೇ ಇಳಿಯುವುದು ಉಚಿತ.

ಬೆಂಗಳೂರಿನ ಈ ಲೆಕ್ಕ ಬೇರೆ ಊರುಗಳಲ್ಲೂ ಅಷ್ಟಿಷ್ಟು ನಡೆಯುತ್ತದೆ. ಒಂದನೇ ಪ್ಲಾಟ್‌ಫಾರ್ಮ್ ಸಾಮಾನ್ಯವಾಗಿ ಹಳೆಯ ಊರಿನ ಕಡೆ, ದೊಡ್ಡ ಅಂಕಿ ಆಮೇಲೆ ತೆರೆದ ಬಾಗಿಲಿನ ಕಡೆ. ಮೈಸೂರಿನಲ್ಲಿ ಮುಖ್ಯ ದ್ವಾರದಿಂದ ಹೊರಬಿದ್ದು ಇರ್ವಿನ್ ರಸ್ತೆ ಹಿಡಿದರೆ ಗ್ರಾಮಾಂತರ ಬಸ್ ನಿಲ್ದಾಣ, ಯಾದವಗಿರಿಯವರಿಗೆ ಹಿಂಬದಿ ದ್ವಾರ. ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ನವದೆಹಲಿಗೆ ಹೋಗುವ ಕನ್ನಡಿಗರಿಗೆ ಅಲ್ಲಿ ಹದಿನಾರು ಪ್ಲಾಟ್‌ಫಾರ್ಮ್‌ಗಳು ಎದುರಾಗುತ್ತವೆ. ಒಂದರ ಕಡೆ ಪಹಾಡ್‌ಗಂಜ್, ಅಗ್ಗದ ಹೋಟೆಲುಗಳ ಬೀದಿ. ಹದಿನಾರರ ಕಡೆ ಅಜ್ಮೇರಿ ಗೇಟ್. ಅಲ್ಲಿಯೂ ಮೆಟ್ರೊ ಇರುವುದು ಹಿಂಬದಿಗೇ. ಹಳದಿ ಮಾರ್ಗ, ವಿಮಾನ ನಿಲ್ದಾಣದ ಎಕ್ಸ್‌ಪ್ರೆಸ್ ಮಾರ್ಗ ಎರಡೂ ಅಜ್ಮೇರಿ ಗೇಟ್ ಬದಿಯಲ್ಲಿ ಸಿಗುತ್ತವೆ. ವಿಮಾನ ಹಿಡಿಯುವ ಆತುರದಲ್ಲಿ ಪಹಾಡ್‌ಗಂಜ್ ಕಡೆ ಹೊರಬಿದ್ದವರು ಮೇಲ್ಸೇತುವೆ ಹತ್ತಿ ಅಷ್ಟೂ ಪ್ಲಾಟ್‌ಫಾರ್ಮ್‌ಗಳನ್ನು ಮತ್ತೆ ದಾಟಬೇಕಾಗುತ್ತದೆ. ಈ ನಿಯಮವನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ನಿಲ್ದಾಣಗಳ ಪುನರಭಿವೃದ್ಧಿ ನಡೆಯುವಲ್ಲಿ ಒಂದು ದ್ವಾರ ತಿಂಗಳುಗಟ್ಟಲೆ ಮುಚ್ಚಿರಬಹುದು, ಆಟೋ ನಿಲ್ಲುವ ಜಾಗ ತಗಡಿನ ಬೇಲಿಯಾಚೆಗೆ ಸರಿದಿರಬಹುದು. ಅಂಥ ಕಡೆ ಹಳೆಯ ನೆನಪಿಗಿಂತ ಆ ದಿನ ಅಲ್ಲಿ ತೂಗುಹಾಕಿರುವ ಫಲಕವನ್ನು, ಫಲಕವಿಲ್ಲದಿದ್ದರೆ ಅಲ್ಲಿನ ಕೂಲಿಯವರ ಮಾತನ್ನು ನಂಬಬೇಕು.